ಹನ್ನೆರಡು ಡ್ರೈವ್, ಎಷ್ಟು ಕೇಬಲ್?

ಬಾಟಲಿ ತುಂಬುವ ಒಂದು ಘಟಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 60 ಮೀಟರ್ ಉದ್ದ, ಐದು ಮೀಟರಿಗೊಂದರಂತೆ 12 ಕನ್ವೇಯರ್, ಒಂದೊಂದರ ಮೋಟಾರಿನ ಪಕ್ಕದಲ್ಲೂ ಒಂದು ಡ್ರೈವ್. ಯಾವುದು ಎಷ್ಟು ವೇಗದಲ್ಲಿ ಓಡಬೇಕೆಂದು ಹೇಳುವ ಪಿಎಲ್‌ಸಿ ಒಂದು ತುದಿಯ ಪ್ಯಾನೆಲ್‌ನಲ್ಲಿದೆ. ನೆಟ್‌ವರ್ಕ್ ಪ್ರಾಫಿನೆಟ್.

ಪ್ಯಾನೆಲ್‌ನ ಸ್ವಿಚ್‌ನಿಂದ ಪ್ರತಿ ಡ್ರೈವ್‌ಗೂ ಬೇರೆಯದೇ ಕೇಬಲ್ ಎಳೆದರೆ ಅದು ಸ್ಟಾರ್. 5, 10, 15 ಎಂದು 60ರವರೆಗೆ ಕೂಡಿದರೆ 390 ಮೀಟರ್ ಕೇಬಲ್ ಬೇಕು. ಈಗಿನ ಡ್ರೈವ್‌ಗಳಲ್ಲಿ ಎರಡು ಪೋರ್ಟ್ ಇದ್ದು, ಒಳಗೇ ಪುಟ್ಟ ಸ್ವಿಚ್ ಕೂತಿರುತ್ತದೆ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಪೋಣಿಸುತ್ತಾ ಹೋಗಬಹುದು. ಇದು ಲೈನ್, 60 ಮೀಟರಿಗೇ ಕೆಲಸ ಮುಗಿಯಿತು. ಕೊನೆಯ ಡ್ರೈವ್‌ನಿಂದ ಪ್ಯಾನೆಲ್‌ಗೆ ಮತ್ತೊಂದು ಕೇಬಲ್ ತಂದು ಸೇರಿಸಿದರೆ ರಿಂಗ್; ಒಟ್ಟು 120 ಮೀಟರ್. ತಾಮ್ರದ ಕೇಬಲ್‌ನ ಒಂದು ತುಂಡು 100 ಮೀಟರ್ ದಾಟಬಾರದು. ಇಲ್ಲಿ ವಾಪಸ್ ಕೇಬಲ್ 60 ಮೀಟರ್ ಇರುವುದರಿಂದ ಆ ಚಿಂತೆಯಿಲ್ಲ.

ಕೇಬಲ್ ಲೆಕ್ಕ ನೋಡಿದವರು ಲೈನ್ ಎನ್ನುತ್ತಾರೆ. ಅದರ ಬೆಲೆ ಗೊತ್ತಾಗುವುದು ಮೇಂಟೆನೆನ್ಸ್ ದಿನ. ನಾಲ್ಕನೇ ಕನ್ವೇಯರಿನ ಬೇರಿಂಗ್ ಬದಲಿಸಲು ಫಿಟ್ಟರ್ ಬರುತ್ತಾನೆ, ಸುರಕ್ಷತೆಗಾಗಿ ಐಸೊಲೇಟರ್ ಆಫ್ ಮಾಡಿ ಬೀಗ ಹಾಕುತ್ತಾನೆ. ಡ್ರೈವ್‌ಗೆ ಕರೆಂಟ್ ಹೋದೊಡನೆ ಅದರೊಳಗಿನ ಸ್ವಿಚ್ಚೂ ಸಾಯುತ್ತದೆ. ಐದರಿಂದ ಹನ್ನೆರಡರವರೆಗೆ ಎಂಟು ಡ್ರೈವ್‌ಗಳು ಪಿಎಲ್‌ಸಿಗೆ ಕಾಣೆಯಾಗುತ್ತವೆ. ಅವುಗಳ ಮೇಲಿರುವ ತುಂಬಿದ ಬಾಟಲಿಗಳನ್ನು ಮುಂದೆ ಸಾಗಿಸಿ ಖಾಲಿ ಮಾಡೋಣವೆಂದರೂ ಆಗದು.

ಇಲ್ಲಿಗೆ ರಿಂಗೇ ಮದ್ದು ಎಂದು ಬಹಳ ಮಂದಿ ಹೇಳುತ್ತಾರೆ. ನನಗಂತೂ ಮೊದಲು ಹೊಳೆಯುವುದು ಇನ್ನೊಂದು ದಾರಿ. ಎಷ್ಟೋ ಡ್ರೈವ್‌ಗಳ ಕಂಟ್ರೋಲ್ ಬೋರ್ಡ್‌ಗೆ ಹೊರಗಿನಿಂದ 24 ವೋಲ್ಟ್ ಡಿಸಿ ಕೊಡಬಹುದು. ಕೊಟ್ಟರೆ ಮೋಟಾರಿನ ಕರೆಂಟ್ ತೆಗೆದರೂ ಸ್ವಿಚ್ ಬದುಕಿರುತ್ತದೆ. ಎರಡು ಎಳೆ ವೈರ್ ಮತ್ತು ಒಂದು ಪವರ್ ಸಪ್ಲೈನಲ್ಲಿ ಅರ್ಧ ತೊಂದರೆ ತೀರಿತು.

ಉಳಿದರ್ಧ ಎಂದರೆ ಕೇಬಲ್ ತುಂಡಾಗುವುದು, ಡ್ರೈವ್ ಸುಟ್ಟುಹೋಗುವುದು. ಅದಕ್ಕೆ ರಿಂಗ್ ಬೇಕು. ಪ್ರಾಫಿನೆಟ್‌ನಲ್ಲಿ ರಿಂಗನ್ನು ಕಾಯುವ ನಿಯಮಾವಳಿಯ ಹೆಸರು ಎಂಆರ್‌ಪಿ. ರಿಂಗಿನಲ್ಲಿ ಒಂದು ಸಾಧನ ಮ್ಯಾನೇಜರ್ ಆಗಿ, ತನ್ನ ಒಂದು ಪೋರ್ಟನ್ನು ಮುಚ್ಚಿಟ್ಟುಕೊಂಡಿರುತ್ತದೆ. ಎಲ್ಲೋ ಕೊಂಡಿ ಕಳಚಿದರೆ ಆ ಪೋರ್ಟ್ ತೆರೆದು ಹಿಂದಿನ ದಾರಿಯಿಂದ ಮಾತು ಸಾಗಿಸುತ್ತದೆ. 50 ಸಾಧನಗಳವರೆಗಿನ ರಿಂಗಿನಲ್ಲಿ ಇದಕ್ಕೆ ಹೆಚ್ಚೆಂದರೆ 200 ಮಿಲಿಸೆಕೆಂಡ್ ಹಿಡಿಯುತ್ತದೆ.

ಪಿಎಲ್‌ಸಿಗೆ ಅಷ್ಟು ತಾಳ್ಮೆ ಇರುವುದಿಲ್ಲ. 2 ಮಿಲಿಸೆಕೆಂಡಿಗೊಮ್ಮೆ ಡೇಟಾ ಬರಬೇಕೆಂದು ಇಟ್ಟಿದ್ದರೆ, ಮೂರು ಸಲ ತಪ್ಪಿದಾಗ, ಅಂದರೆ 6 ಮಿಲಿಸೆಕೆಂಡಿಗೆ, ಸಂಪರ್ಕ ಹೋಯಿತೆಂದು ಅದು ತೀರ್ಮಾನಿಸುತ್ತದೆ. ಮೂರು ಎಂಬುದು ಸಾಮಾನ್ಯವಾಗಿ ತಾನಾಗಿಯೇ ಬಂದಿರುವ ಸೆಟ್ಟಿಂಗ್. ರಿಂಗ್ ಸುಧಾರಿಸಿಕೊಳ್ಳುವಷ್ಟರಲ್ಲಿ ಕನ್ವೇಯರ್ ನಿಂತಾಗಿರುತ್ತದೆ! ಆದ್ದರಿಂದ ಈ ವಾಚ್‌ಡಾಗ್ ಅವಧಿಯನ್ನು 200 ದಾಟಿಸಬೇಕು. 2 ಮಿಲಿಸೆಕೆಂಡನ್ನು ಹಾಗೇ ಉಳಿಸಿ, ತಪ್ಪಬಹುದಾದ ಸಲಗಳನ್ನು ಮೂರರಿಂದ 128ಕ್ಕೆ ಏರಿಸಿದರೆ 256 ಆಗುತ್ತದೆ. ಬಾಟಲಿ ಕನ್ವೇಯರ್ ಕಾಲು ಸೆಕೆಂಡು ಹಳೆಯ ವೇಗದಲ್ಲೇ ಓಡಿದರೆ ಸಾಮಾನ್ಯವಾಗಿ ನಷ್ಟವೇನಿಲ್ಲ.

ಎಮರ್ಜೆನ್ಸಿ ಸ್ಟಾಪ್, ಲೈಟ್ ಕರ್ಟನ್‌ಗಳ ಸಂದೇಶವೂ ಇದೇ ಕೇಬಲ್‌ನಲ್ಲಿ ಹೋಗುತ್ತಿದ್ದರೆ ಮಾತ್ರ ಹುಷಾರು. ಆ ವಾಚ್‌ಡಾಗನ್ನೂ ಏರಿಸಬೇಕಾಗುತ್ತದೆ, ಏರಿಸಿದಷ್ಟೂ ಯಂತ್ರ ನಿಲ್ಲುವುದು ತಡ. ನಡೆದು ಬರುವ ಮನುಷ್ಯನ ವೇಗವನ್ನು ಸುರಕ್ಷತಾ ಲೆಕ್ಕದಲ್ಲಿ ಸೆಕೆಂಡಿಗೆ 1.6 ಮೀಟರ್ ಎಂದು ಹಿಡಿಯುತ್ತಾರೆ. 200 ಮಿಲಿಸೆಕೆಂಡ್ ಹೆಚ್ಚಾದರೆ ಕರ್ಟನ್ 32 ಸೆಂಟಿಮೀಟರ್ ಹಿಂದಕ್ಕೆ ಸರಿಯಬೇಕು. ಜಾಗವಿಲ್ಲದಿದ್ದರೆ ಆ ಸಾಧನಗಳನ್ನು ರಿಂಗಿನಿಂದ ಹೊರಗಿಟ್ಟು ಸ್ವಿಚ್‌ಗೆ ನೇರ ಕೇಬಲ್ ಕೊಡುವುದೇ ವಾಸಿ.

ರಿಂಗಿನ ಇನ್ನೊಂದು ಕೆಟ್ಟ ಗುಣ, ಅದರ ಮೊದಲ ಗಾಯ ಯಾರಿಗೂ ಕಾಣುವುದಿಲ್ಲ. ಮೂರು ಮತ್ತು ನಾಲ್ಕರ ನಡುವೆ ಕೇಬಲ್ ಹೋಗಿದ್ದರೂ ಉತ್ಪಾದನೆ ಸರಾಗ. ತಿಂಗಳುಗಳ ನಂತರ ಒಂಬತ್ತನೇ ಡ್ರೈವ್ ಕೆಟ್ಟಾಗ ನಾಲ್ಕರಿಂದ ಎಂಟರವರೆಗೆ ಐದೂ ಮಾಯವಾಗುತ್ತವೆ, ಎಲ್ಲರೂ ಒಂಬತ್ತನ್ನೇ ಬೈಯುತ್ತಾರೆ. ಮ್ಯಾನೇಜರ್ ಕೊಡುವ ‘ರಿಂಗ್ ತೆರೆದಿದೆ’ ಎಂಬ ಅಲಾರಂ ಆಪರೇಟರ್ ಪರದೆಯ ಮೇಲೆ ಬರುವಂತೆ ಮಾಡದಿದ್ದರೆ ಇದು ಗ್ಯಾರಂಟಿ. ವಾಪಸ್ ಕೇಬಲ್ ಅದೇ ಟ್ರೇಯಲ್ಲಿ ಹೋಗಿದ್ದರಂತೂ ಫೋರ್ಕ್‌ಲಿಫ್ಟಿನ ಒಂದೇ ಏಟಿಗೆ ಎರಡೂ ಕತ್ತರಿಸುತ್ತವೆ.

ಒಂದು ಭಾಗ ನಿಂತರೆ ಹೇಗಿದ್ದರೂ ಪೂರ್ತಿ ನಿಲ್ಲುವ ಯಂತ್ರದೊಳಗೆ ಲೈನ್ ಸಾಕು. ಒಂದಕ್ಕೊಂದು ಹಂಗಿಲ್ಲದ ಯಂತ್ರಗಳ ನಡುವೆ ಸ್ಟಾರ್. ಯಾವುದು ಕೆಟ್ಟಿದೆಯೆಂದು ಸ್ವಿಚ್‌ನ ಲೈಟ್ ನೋಡಿಯೇ ಹೇಳಬಹುದು. ನಮ್ಮ ಕನ್ವೇಯರ್ ಸಾಲಿಗೆ 24 ವೋಲ್ಟ್ ಜೊತೆಗೆ ರಿಂಗ್, ವಾಪಸ್ ಕೇಬಲ್ ಎದುರು ಗೋಡೆಯ ಟ್ರೇಯಲ್ಲಿ. ಎಲ್ಲ ಸಾಧನಗಳಲ್ಲೂ ಎಂಆರ್‌ಪಿ ಸೆಟ್ ಆಗುವವರೆಗೆ ಕೊನೆಯ ಕೇಬಲ್ ಚುಚ್ಚಬಾರದು. ಚುಚ್ಚಿದರೆ ಪ್ಯಾಕೆಟ್‌ಗಳು ಸುತ್ತು ಹೊಡೆಯುತ್ತಲೇ ಇದ್ದು ನೆಟ್‌ವರ್ಕ್ ಉಸಿರುಗಟ್ಟುತ್ತದೆ. ಒಪ್ಪಿಸಿಕೊಳ್ಳುವ ದಿನ ಬಾಟಲಿಗಳು ಓಡುತ್ತಿರುವಾಗಲೇ ಆರನೇ ಡ್ರೈವ್‌ನ ಒಂದು ಕೇಬಲ್ ಕೀಳಿಸಿ ನೋಡಬೇಕು: ಕನ್ವೇಯರ್ ನಿಲ್ಲಕೂಡದು, ಪರದೆಯಲ್ಲಿ ಅಲಾರಂ ಬರಲೇಬೇಕು.