ದನಿ, ಪರದೆ, ಪ್ರಶ್ನೆ: ಆನ್‌ಲೈನ್ ಪಾಠ ಕನ್ನಡಕ್ಕೆ ಬರುವ ಬಗೆ

ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವವರಿಗೆ ಆಹಾರ ಸುರಕ್ಷತೆ ಕಲಿಸುವ ಒಂದು ಆನ್‌ಲೈನ್ ಪಾಠ. ಮೊಬೈಲ್ ಪರದೆಯ ಮೇಲೆ ಥರ್ಮಾಮೀಟರ್ ಚಿತ್ರ ಮೂಡುತ್ತದೆ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗಿರಬೇಕು, ನಡುವಿನದು ಅಪಾಯದ ವಲಯ ಎಂದು ದನಿಯೊಂದು ವಿವರಿಸುತ್ತದೆ. ದನಿ ‘ಅರವತ್ತು’ ಎನ್ನುವ ಹೊತ್ತಿಗೆ ಚಿತ್ರದಲ್ಲಿ ಕೆಂಪು ಗೆರೆ ಬೆಳಗುತ್ತದೆ. ಮುಂದಿನ ಪರದೆಯಲ್ಲಿ ಅದರ ಮೇಲೆಯೇ ಒಂದು ಪ್ರಶ್ನೆ. ಕಲಿಯುವವರಿಗೆ ಇದೆಲ್ಲ ಅರ್ಧ ನಿಮಿಷದ ಮಾತು. ಆದರೆ ಇಂಗ್ಲಿಷಿನಲ್ಲಿ ತಯಾರಾದ ಈ ಪಾಠವನ್ನು ಕನ್ನಡಕ್ಕೆ ತರುವವರ ಮುಂದೆ ದನಿ, ಪರದೆಯ ಬರಹ, ಪ್ರಶ್ನೆ ಎಂಬ ಮೂರು ಬೇರೆ ಬೇರೆ ಕೆಲಸಗಳಿರುತ್ತವೆ. ಮೂರೂ ಒಂದೇ ಮಾತನ್ನು ಆಡಬೇಕು, ಒಂದೇ ಹೊತ್ತಿಗೆ ಆಡಬೇಕು.

ತೊಂದರೆ ಶುರುವಾಗುವುದು ಕಡತದಿಂದಲೇ. ಪಾಠ ಕಟ್ಟುವ ಸಾಫ್ಟ್‌ವೇರ್‌ನಿಂದ ಅನುವಾದಕರ ಕೈಗೆ ಬರುವುದು ಪಾಠವಲ್ಲ, ಒಂದು ಕೋಷ್ಟಕ. ಎಡಗಡೆ ಇಂಗ್ಲಿಷ್ ವಾಕ್ಯಗಳು, ಬಲಗಡೆ ಖಾಲಿ ಜಾಗ. ಯಾವ ವಾಕ್ಯ ಚಿತ್ರದ ಪಕ್ಕದ್ದು, ಯಾವುದು ಬಟನ್ ಮೇಲಿನದು, ಯಾವುದು ತಪ್ಪು ಉತ್ತರ ಒತ್ತಿದಾಗ ಮೂಡುವ ಸಂದೇಶ ಎಂಬುದು ಅಲ್ಲಿ ಕಾಣುವುದಿಲ್ಲ. ಥರ್ಮಾಮೀಟರ್ ಚಿತ್ರದೊಳಗೇ ಬರೆದ ಅಕ್ಷರಗಳು ಕೋಷ್ಟಕಕ್ಕೆ ಬರುವುದೇ ಇಲ್ಲ. ‘ಮುಂದೆ’, ‘ಹಿಂದೆ’, ‘ಸಲ್ಲಿಸಿ’ ಎಂಬಂಥ ಬಟನ್‌ಗಳ ಹೆಸರುಗಳು ಎಷ್ಟೋ ವೇಳೆ ಸಾಫ್ಟ್‌ವೇರ್‌ನ ಇನ್ನೊಂದು ಮೂಲೆಯಲ್ಲಿ ಕುಳಿತಿರುತ್ತವೆ. ಹಾಗಾಗಿಯೇ ಪಾಠವೆಲ್ಲ ಕನ್ನಡದಲ್ಲಿದ್ದು ಬಟನ್‌ಗಳು ಮಾತ್ರ ಇಂಗ್ಲಿಷಿನಲ್ಲಿ ಉಳಿದ ಪರದೆಗಳು ಕಣ್ಣಿಗೆ ಬೀಳುತ್ತವೆ. ಅನುಭವಿ ಅನುವಾದಕರು ಮೊದಲು ಮೂಲ ಪಾಠವನ್ನು ವಿದ್ಯಾರ್ಥಿಯಂತೆ ಕೂತು ಮುಗಿಸಿ, ಬೇಕೆಂದೇ ತಪ್ಪು ಉತ್ತರಗಳನ್ನೂ ಒತ್ತಿ ನೋಡಿ, ಆಮೇಲಷ್ಟೇ ಕೋಷ್ಟಕ ತೆರೆಯುತ್ತಾರೆ.

ಇನ್ನು ದನಿ. ಇಂಗ್ಲಿಷ್ ನಿರೂಪಣೆಯ ಉದ್ದವನ್ನು ಪದಗಳಲ್ಲಿ ಲೆಕ್ಕ ಹಾಕುವ ರೂಢಿಯಿದೆ. ಕನ್ನಡಕ್ಕೆ ಆ ಲೆಕ್ಕ ಹೊಂದುವುದಿಲ್ಲ. ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಪದದ ಬಾಲಕ್ಕೇ ಅಂಟಿಕೊಳ್ಳುವುದರಿಂದ ನಮ್ಮಲ್ಲಿ ಪದಗಳು ಕಡಿಮೆಯಿದ್ದೂ ಮಾತು ಉದ್ದವಾಗಬಹುದು. ‘ಕೀಪ್ ಹಾಟ್ ಫುಡ್ ಅಬವ್ ಸಿಕ್ಸ್‌ಟಿ ಡಿಗ್ರೀಸ್’ ಎಂಬ ವಾಕ್ಯ ಉಚ್ಚಾರದ ಲೆಕ್ಕದಲ್ಲಿ 9 ಅಕ್ಷರಗಳದ್ದು. ಇದನ್ನು ‘ಬಿಸಿಯಾಗಿ ಬಡಿಸಬೇಕಾದ ಆಹಾರವನ್ನು ಅರವತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣಾಂಶದಲ್ಲಿ ಇರಿಸತಕ್ಕದ್ದು’ ಎಂದು ಬರೆದರೆ 40ರ ಹತ್ತಿರ ಹೋಗುತ್ತದೆ. ಅರ್ಥ ಪೂರ್ತಿ ಸರಿ, ಆದರೆ ಅದನ್ನು ಓದಿ ಮುಗಿಸುವ ಹೊತ್ತಿಗೆ ಪರದೆ ಮುಂದಕ್ಕೆ ಹೋಗಿರುತ್ತದೆ. ‘ಬಿಸಿ ಅಡುಗೆ ಅರವತ್ತು ಡಿಗ್ರಿಗಿಂತ ಮೇಲಿರಲಿ’ ಎಂದರೆ 17 ಅಕ್ಷರ. ಸೆಲ್ಸಿಯಸ್ ಎಂಬುದು ಪರದೆಯ ಚಿತ್ರದಲ್ಲೇ ಇದೆ, ದನಿ ಅದನ್ನು ಮತ್ತೆ ಹೇಳಬೇಕಿಲ್ಲ. ಅಡುಗೆಮನೆಯ ಮಾತಿಗೂ ಇದೇ ಹತ್ತಿರ. ಸುತ್ತೋಲೆಯ ಕನ್ನಡವನ್ನು ಬಿಟ್ಟು ಆಡುವ ಕನ್ನಡಕ್ಕೆ ಬಂದಾಗ ಸಮಯದ ಸಮಸ್ಯೆಯ ದೊಡ್ಡ ಪಾಲು ಬಗೆಹರಿಯುತ್ತದೆ.

ಹಾಗಿದ್ದರೂ 17 ಅಕ್ಷರ 9ಕ್ಕಿಂತ ಹೆಚ್ಚೇ. ಉಳಿದ ಅಂತರವನ್ನು ತುಂಬಲು ಕೆಲವರು ಧ್ವನಿಮುದ್ರಣದ ವೇಗವನ್ನೇ ಏರಿಸುತ್ತಾರೆ. ಕನ್ನಡಕ್ಕೆ ಇದು ಅಪಾಯದ ಉಪಾಯ. ಹ್ರಸ್ವ ದೀರ್ಘಗಳಲ್ಲಿ, ಒತ್ತಿನಲ್ಲಿ ನಮ್ಮ ಅರ್ಥ ನಿಂತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡದಲ್ಲಿ ‘ಮಾಡಬೇಡಿ’ ಎಂಬ ನಿಷೇಧ ಬರುವುದು ವಾಕ್ಯದ ಕಟ್ಟಕಡೆಗೆ. ‘ಅನ್ನವನ್ನು ಹೊರಗೆ ಇಡಬೇಡಿ’ ಎಂಬುದರಲ್ಲಿ ‘ಬೇಡಿ’ ನುಂಗಿಹೋದರೆ ಕೇಳುಗನಿಗೆ ಉಳಿಯುವುದು ‘ಹೊರಗೆ ಇಡಿ’. ಇಂಗ್ಲಿಷಿನಲ್ಲಿ ನಿಷೇಧದ ಪದ ವಾಕ್ಯದ ಮೊದಲಲ್ಲೇ ಬರುತ್ತದೆ, ಅದೇ ಕ್ಷಣಕ್ಕೆ ಪರದೆಯಲ್ಲಿ ಕೆಂಪು ಇಂಟು ಗುರುತು ಮೂಡುತ್ತದೆ. ಕನ್ನಡ ದನಿಯಲ್ಲಿ ಆ ಕ್ಷಣಕ್ಕೆ ಇನ್ನೂ ‘ಅನ್ನವನ್ನು’ ಎಂಬುದಷ್ಟೇ ಬಂದಿರುತ್ತದೆ. ಇದಕ್ಕೆ ದಾರಿ ಎರಡು. ಇಂಟು ಗುರುತನ್ನು ‘ಬೇಡಿ’ಯವರೆಗೆ ತಡೆಹಿಡಿಯುವುದು ಒಂದು. ‘ಯಾವತ್ತೂ’ ಎಂದು ಮೊದಲೇ ಸೇರಿಸಿ ಕೇಳುಗನನ್ನು ಸಿದ್ಧಗೊಳಿಸುವುದು ಇನ್ನೊಂದು.

ಕಾರಣ ಹೇಳುವ ವಾಕ್ಯಗಳಲ್ಲಿ ಈ ತಿರುವು ಇನ್ನೂ ದೊಡ್ಡದು. ಇಂಗ್ಲಿಷ್ ಪಾಠದಲ್ಲಿ ಮೊದಲು ಅನ್ನದ ಪಾತ್ರೆ ಕಾಣುತ್ತದೆ, ‘ಯಾಕೆಂದರೆ’ ಎಂದಮೇಲೆ ಬ್ಯಾಕ್ಟೀರಿಯಾ ಹೆಚ್ಚುವ ಚಿತ್ರ ಬರುತ್ತದೆ. ‘ಬ್ಯಾಕ್ಟೀರಿಯಾಗಳು ಬೇಗ ಹೆಚ್ಚುವುದರಿಂದ ಬೇಯಿಸಿದ ಅನ್ನವನ್ನು ಹೊರಗೆ ಇಡಬೇಡಿ’ ಎಂದು ಒಂದೇ ವಾಕ್ಯದಲ್ಲಿ ಕಟ್ಟಿದರೆ ದನಿ ಬ್ಯಾಕ್ಟೀರಿಯಾ ಎನ್ನುವಾಗ ಕಣ್ಣು ಪಾತ್ರೆಯನ್ನು ನೋಡುತ್ತಿರುತ್ತದೆ. ‘ಬೇಯಿಸಿದ ಅನ್ನ ಹೊರಗೆ ಇಡಬೇಡಿ. ಅದರಲ್ಲಿ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ’ ಎಂದು ಎರಡಾಗಿ ಒಡೆದರೆ ಚಿತ್ರಗಳ ಕ್ರಮವನ್ನು ಮುಟ್ಟದೆಯೇ ಕೆಲಸವಾಗುತ್ತದೆ. ಉದ್ದ ವಾಕ್ಯ ಒಡೆಯುವುದು ಸರಳತೆಗಾಗಿ ಎಂದು ಹಲವರು ತಿಳಿಯುತ್ತಾರೆ. ಇಲ್ಲಿ ಅದು ಚಿತ್ರಕ್ಕೂ ಮಾತಿಗೂ ಗಂಟು ಹಾಕುವ ಕೆಲಸ.

ಎಷ್ಟು ಬಿಗಿ ಮಾಡಿದರೂ ಕೆಲವು ಪರದೆಗಳಲ್ಲಿ ಎರಡು ಮೂರು ಸೆಕೆಂಡು ಹೆಚ್ಚುತ್ತದೆ. ಆಗ ಪರದೆಯನ್ನೇ ಉದ್ದ ಮಾಡಬೇಕು. ಸ್ಥಿರ ಚಿತ್ರಗಳಾದರೆ ಇದು ಸುಲಭ, ಚಿತ್ರಗಳು ಮೂಡುವ ಕ್ಷಣಗಳನ್ನು ಮತ್ತೆ ಹೊಂದಿಸಿದರಾಯಿತು. ವಿಡಿಯೊ ಆದರೆ ಒಂದು ಚೌಕಟ್ಟನ್ನು ತುಸು ಹೊತ್ತು ನಿಲ್ಲಿಸಿ ಹಿಡಿಯಬಹುದು. ಆದರೆ 20 ಸೆಕೆಂಡು ಕೈ ತೊಳೆಯುವುದನ್ನು ಸಾಕ್ಷಾತ್ ತೋರಿಸುವ ವಿಡಿಯೊದಲ್ಲಿ ಹಾಗೆ ನಿಲ್ಲಿಸುವಂತಿಲ್ಲ, ಕಲಿಸಬೇಕಾದದ್ದೇ ಆ ಅವಧಿಯನ್ನು. ಅಲ್ಲಿ ಮಾತನ್ನೇ ಕತ್ತರಿಸಬೇಕು. ಅದಕ್ಕಾಗಿ ಅನುವಾದಕರು ಕರಡನ್ನು ಗಟ್ಟಿಯಾಗಿ ಓದಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ಪ್ರತಿ ಪರದೆಯ ಪಕ್ಕ ಸೆಕೆಂಡುಗಳನ್ನು ಬರೆದುಕೊಳ್ಳುತ್ತಾರೆ. ಅಂಕಿಗಳನ್ನು ಅಕ್ಷರದಲ್ಲೇ ಬರೆದುಕೊಡುವುದೂ ಒಳ್ಳೆಯದು. ಸ್ಟುಡಿಯೊದಲ್ಲಿ ‘5’ ಕಂಡ ಕಲಾವಿದರು ‘ಫೈವ್’ ಎಂದರೆ ಮರುಮುದ್ರಣ ತಪ್ಪಿದ್ದಲ್ಲ.

ಈ ಕ್ರಮವನ್ನು ಬಯಲಲ್ಲೇ ನೋಡಬೇಕೆಂದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಿದೆ. ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಬೆಳೆದ ಈ ಯೋಜನೆ ಮುಕ್ತ ತಂತ್ರಾಂಶಗಳನ್ನು ಕಿರು ವಿಡಿಯೊಗಳ ಮೂಲಕ ಕಲಿಸುತ್ತದೆ, ಕನ್ನಡ ದನಿಯ ಪಾಠಗಳೂ ಅದರಲ್ಲಿವೆ. ಅಲ್ಲಿನ ಮೂಲ ಸ್ಕ್ರಿಪ್ಟ್‌ನಲ್ಲಿ ಒಂದು ಕಡೆ ಪರದೆಯಲ್ಲಿ ಏನಾಗುತ್ತದೆ ಎಂಬುದು, ಇನ್ನೊಂದು ಕಡೆ ಅದಕ್ಕೆ ಹೊಂದುವ ಮಾತು. ಡಬ್ಬಿಂಗ್‌ಗೆ ಬಳಸುವ ಸ್ಕ್ರಿಪ್ಟ್‌ನಲ್ಲಿ ಪ್ರತಿ ಮಾತಿನ ಪಕ್ಕ ನಿಮಿಷ ಸೆಕೆಂಡು ಇರುತ್ತದೆ. ಪರದೆ ಇಂಗ್ಲಿಷಿನಲ್ಲೇ ಉಳಿಯುತ್ತದೆ, ದನಿ ಮಾತ್ರ ಬದಲಾಗುತ್ತದೆ. ಹೀಗಾಗಿ ಕನ್ನಡ ದನಿ ‘ಫೈಲ್ ಮೆನು ತೆರೆದು ಸೇವ್ ಆ್ಯಸ್ ಒತ್ತಿ’ ಎಂದೇ ಹೇಳಬೇಕಾಗುತ್ತದೆ. ಕಣ್ಣಿಗೆ ಕಾಣದ ಕನ್ನಡ ಹೆಸರನ್ನು ಹೇಳಿದರೆ ಕಲಿಯುವವರು ಪರದೆಯಲ್ಲಿ ಅದನ್ನು ಹುಡುಕುತ್ತಾ ಹಿಂದೆ ಬೀಳುತ್ತಾರೆ.

ಅಡುಗೆಮನೆಯ ಪಾಠದಲ್ಲಿ ಪರದೆಯೂ ಕನ್ನಡವಾಗುತ್ತದೆ, ಅಲ್ಲಿ ಲಿಪಿಯ ಪ್ರಶ್ನೆ ಬರುತ್ತದೆ. ಇಂಗ್ಲಿಷ್ ಅಕ್ಷರಗಳಿಗೆ ಅಳೆದಿಟ್ಟ ಬಟನ್‌ನಲ್ಲಿ ನಮ್ಮ ಒತ್ತಕ್ಷರಕ್ಕೆ ಕೆಳಗೆ ಜಾಗವಿರುವುದಿಲ್ಲ. ‘ಉಷ್ಣಾಂಶ’ದ ಒತ್ತು ಅರ್ಧ ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲುಗಳ ನಡುವೆ ಅಂತರ ಹೆಚ್ಚಿಸಬೇಕು, ಬಟನ್ ಎತ್ತರಿಸಬೇಕು. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸದೆ ಅಂಟಿಸಿದರೆ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಮೂಡುತ್ತದೆ. ಇವೆಲ್ಲ ಕೋಷ್ಟಕದಲ್ಲಿ ಕಾಣುವ ದೋಷಗಳಲ್ಲ. ತಯಾರಾದ ಪಾಠವನ್ನು ಸಣ್ಣ ಮೊಬೈಲಿನಲ್ಲಿ ತೆರೆದಾಗಲೇ ಗೊತ್ತಾಗುವುದು.

ಪಾಠದ ಕೊನೆಗೆ ಅಂಕ ತೋರಿಸುವ ವಾಕ್ಯದಲ್ಲಿ ಕೋಡ್ ಅಡಗಿರುತ್ತದೆ. ಹೆಚ್ಚು ಬಳಕೆಯಲ್ಲಿರುವ ಸ್ಟೋರಿಲೈನ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಲಿತವರು ಪಡೆದ ಅಂಕ ಹೀಗೆ ಬರುತ್ತದೆ:

```
%Results.ScorePoints%
```

ಇದರ ಒಂದು ಅಕ್ಷರ ಬದಲಾದರೂ ಅಂಕದ ಜಾಗ ಕೆಡುತ್ತದೆ. ಹಾಗಾಗಿ ಕೋಡ್ ಮುಟ್ಟದೆ ಅದರ ಸುತ್ತ ವಾಕ್ಯ ಕಟ್ಟಬೇಕು. ಹೆಸರು ಬರುವ ಜಾಗದಲ್ಲಿ ಕಷ್ಟ ಇನ್ನೂ ಹೆಚ್ಚು, ಯಾವ ಹೆಸರು ಬರುತ್ತದೆಂದು ಬರೆಯುವಾಗ ತಿಳಿಯದು. ಅದಕ್ಕೆ ‘ಗೆ’, ‘ಇಗೆ’ ಎಂದು ಪ್ರತ್ಯಯ ಅಂಟಿಸಿದರೆ ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ‘ನಮಸ್ಕಾರ’ ಎಂದು ಅಲ್ಪವಿರಾಮ ಹಾಕಿ ಹೆಸರನ್ನು ಒಂಟಿಯಾಗಿ ಬಿಡುವುದೇ ಕ್ಷೇಮ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಪ್ರಶ್ನೆಗಳಲ್ಲಿ, ಏಕೆಂದರೆ ಇಲ್ಲಿ ಅನುವಾದದ ತಪ್ಪಿಗೆ ಅಂಕ ಕಳೆದುಕೊಳ್ಳುವವರು ಕಲಿಯುವವರು. ಇಂಗ್ಲಿಷ್ ಪ್ರಶ್ನೆ ಎಷ್ಟೋ ಸಲ ಅರ್ಧ ವಾಕ್ಯವಾಗಿರುತ್ತದೆ, ಆಯ್ಕೆಗಳು ಅದರ ಬಾಲವನ್ನು ಪೂರ್ತಿ ಮಾಡುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಖಾಲಿ ಜಾಗ ವಾಕ್ಯದ ನಡುವೆ ಬೀಳುತ್ತದೆ, ಆಯ್ಕೆಗಳು ಅದರ ಕೆಳಗೆ ನೇತಾಡುತ್ತವೆ. ‘ಹಸಿ ಕೋಳಿ ಮಾಂಸವನ್ನು ಫ್ರಿಜ್‌ನಲ್ಲಿ ಎಲ್ಲಿ ಇಡಬೇಕು?’ ಎಂದು ನೇರ ಪ್ರಶ್ನೆಯಾಗಿ ತಿರುಗಿಸಿ, ‘ಮೇಲಿನ ತಟ್ಟೆಯಲ್ಲಿ’, ‘ನಡುವಿನ ತಟ್ಟೆಯಲ್ಲಿ’, ‘ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿ’ ಎಂದು ಆಯ್ಕೆ ಕೊಟ್ಟರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಮೂರನೆಯದು ಉಳಿದವಕ್ಕಿಂತ ಉದ್ದವಾಯಿತು. ಪಾಠ ನೋಡದವರೂ ಉದ್ದದ ಉತ್ತರವನ್ನೇ ಊಹಿಸಿ ಒತ್ತುತ್ತಾರೆ. ಸರಿಯುತ್ತರವನ್ನು ಬಿಡಿಸಿ ಹೇಳುವ ಒಳ್ಳೆಯ ಮನಸ್ಸಿನಿಂದಲೇ ಅನುವಾದಕರು ಈ ಸುಳಿವು ಬಿಟ್ಟುಕೊಡುತ್ತಾರೆ. ಮೊದಲನೆಯದನ್ನು ‘ಎಲ್ಲಕ್ಕಿಂತ ಮೇಲಿನ ತಟ್ಟೆಯಲ್ಲಿ’ ಎಂದೂ ಎರಡನೆಯದನ್ನು ‘ಮೇಲು ಕೆಳಗಿನ ನಡುವಿನ ತಟ್ಟೆಯಲ್ಲಿ’ ಎಂದೂ ಮಾಡಿದರೆ ಮೂರೂ ಸಮವಾಗುತ್ತವೆ.

ನಿಷೇಧದ ಪ್ರಶ್ನೆಗಳಲ್ಲಿ ಇಂಗ್ಲಿಷ್ ದೊಡ್ಡಕ್ಷರ ಬಳಸಿ ಎಚ್ಚರಿಸುತ್ತದೆ. ನಮಗೆ ದೊಡ್ಡಕ್ಷರವಿಲ್ಲ, ಆದ್ದರಿಂದ ‘ಸುರಕ್ಷಿತವಲ್ಲದ’ ಎಂಬ ಪದವನ್ನು ದಪ್ಪಗೆ ಮಾಡಬೇಕು. ಸರಿ ತಪ್ಪು ಪ್ರಶ್ನೆಗಳಿಗೆ ‘ಹೌದು’, ‘ಇಲ್ಲ’ ಎಂಬ ಬಟನ್ ಹಾಕಬಾರದು. ‘ತಣ್ಣಗಾದ ಸಾರನ್ನು ಮತ್ತೆ ಕುದಿಸಬೇಕಿಲ್ಲ’ ಎಂಬ ಹೇಳಿಕೆಗೆ ‘ಇಲ್ಲ’ ಎಂದವರು ಒಪ್ಪಿದರೋ ಬಿಟ್ಟರೋ ಹೇಳಲಾಗದು. ಉತ್ತರ ಟೈಪ್ ಮಾಡಿಸುವ ಪ್ರಶ್ನೆಗಳನ್ನು ಕನ್ನಡದಲ್ಲಿ ಆದಷ್ಟು ಆಯ್ಕೆಯ ಪ್ರಶ್ನೆಗಳಾಗಿ ಬದಲಿಸುವುದೇ ನ್ಯಾಯ. ‘ಸಾಬೂನು’ ಎಂದು ನಿರೀಕ್ಷಿಸುವ ಯಂತ್ರ ‘ಸೋಪು’ ಎಂದವರನ್ನು ಅನುತ್ತೀರ್ಣ ಮಾಡುತ್ತದೆ.

ಪಾಠದಲ್ಲಿ ದನಿ ‘ತಟ್ಟೆ’ ಎಂದು ಹೇಳಿ ಪ್ರಶ್ನೆ ‘ಶೆಲ್ಫ್’ ಎಂದು ಕೇಳಿದರೂ ಇದೇ ಅನ್ಯಾಯ. ಸ್ಕ್ರಿಪ್ಟ್ ಒಬ್ಬರಿಗೆ, ಪ್ರಶ್ನೆಗಳು ಮತ್ತೊಬ್ಬರಿಗೆ ಹಂಚಿಹೋದಾಗ ಹೀಗಾಗುವುದು ಹೆಚ್ಚು. ಇದನ್ನು ಪತ್ತೆ ಹಚ್ಚುವ ಸರಳ ಕ್ರಮವಿದೆ. ಒಬ್ಬರಿಗೆ ಪಾಠ ತೋರಿಸದೆ ಪ್ರಶ್ನೆಗಳನ್ನಷ್ಟೇ ಕೊಡುವುದು, ಇನ್ನೊಬ್ಬರಿಗೆ ಪಾಠ ತೋರಿಸಿ ಕೊಡುವುದು. ಮೊದಲನೆಯವರು ಸಲೀಸಾಗಿ ಉತ್ತರಿಸಿದ ಪ್ರಶ್ನೆಯಲ್ಲಿ ಸುಳಿವು ಸೋರಿರಬಹುದು. ಪಾಠ ಗಮನವಿಟ್ಟು ನೋಡಿದವರೂ ತಡವರಿಸಿದ ಕಡೆ ಪಾಠದ ಪದವೂ ಪ್ರಶ್ನೆಯ ಪದವೂ ಬೇರೆಯಾಗಿವೆಯೇ ಎಂದು ನೋಡಬೇಕು.

ಇಷ್ಟಾದ ಮೇಲೂ ಪಾಠ ಹಾಗೇ ಉಳಿಯುವುದಿಲ್ಲ. ನಿಯಮ ಬದಲಾದರೆ ಒಂದು ಅಂಕಿ, ಒಂದು ವಾಕ್ಯ ತಿದ್ದಬೇಕಾಗುತ್ತದೆ. ಪಾಠದ ಇಡೀ ದನಿಯನ್ನು ಒಂದೇ ಕಡತವಾಗಿ ಇಟ್ಟಿದ್ದರೆ ಎಲ್ಲವನ್ನೂ ಬಿಚ್ಚಿ ಕೂಡಿಸಬೇಕು. ಪರದೆಗೊಂದು ಕಡತ ಮಾಡಿ, ಪರದೆಯ ಸಂಖ್ಯೆಯನ್ನೇ ಹೆಸರಾಗಿಟ್ಟು, ಅದೇ ಕಲಾವಿದರಿಂದ ಆ ಒಂದು ಪರದೆಯನ್ನಷ್ಟೇ ಮತ್ತೆ ಓದಿಸಿದರೆ ಕೆಲಸ ಮುಗಿಯುತ್ತದೆ. ಜೊತೆಗೆ ಚಿತ್ರದೊಳಗಿನ ಅಂಕಿ, ಶೀರ್ಷಿಕೆಯ ಸಾಲು, ಪ್ರಶ್ನೆ, ತಪ್ಪು ಉತ್ತರಕ್ಕೆ ಬರುವ ಸಂದೇಶ ಈ ನಾಲ್ಕನ್ನೂ ತೆರೆದು ನೋಡಬೇಕು, ಹಳೆಯ ಅಂಕಿ ಅವುಗಳಲ್ಲಿ ಎಲ್ಲಾದರೂ ಉಳಿದಿರುವ ಸಾಧ್ಯತೆಯಿದೆ.