ಮನೆ ಮಾರಿದವರ ಕೈಗೆ ಬರಬೇಕಾದ ಆ ಎರಡು ಕಾಗದ

ಟಿಡಿಎಸ್ ಎಂದರೆ ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆ ಎಂದೇ ನಮ್ಮಲ್ಲಿ ಹಲವರ ತಿಳುವಳಿಕೆ. ಆದರೆ ಮನೆ ಅಥವಾ ಸೈಟು ಕೊಳ್ಳುವ ಸಾಮಾನ್ಯ ವ್ಯಕ್ತಿಯೂ ತೆರಿಗೆ ಮುರಿಯಬೇಕಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿದ ಕಲಂ 194-ಐಎ ಪ್ರಕಾರ 2013ರ ಜೂನ್ 1ರಿಂದ ಈ ನಿಯಮ ಬಂತು. ಬೆಲೆ 50 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ಖರೀದಿದಾರ ಶೇ 1ರಷ್ಟು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಗ್ರಾಮೀಣ ಕೃಷಿ ಭೂಮಿಗೆ ಇದು ಅನ್ವಯಿಸುವುದಿಲ್ಲ.

ಒಂದು ಉದಾಹರಣೆ ನೋಡೋಣ. ತುಮಕೂರಿನ ಒಬ್ಬರು 2025ರ ಆಗಸ್ಟ್ 12ರಂದು ತಮ್ಮ ಮನೆಯನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೆ 60 ಲಕ್ಷಕ್ಕೆ ಮಾರಿ, ಅಂದೇ ಪೂರ್ತಿ ಹಣ ಪಡೆದರು ಎಂದುಕೊಳ್ಳಿ. ಮುದ್ರಾಂಕ ಶುಲ್ಕದ ಮೌಲ್ಯ ಇದಕ್ಕಿಂತ ಹೆಚ್ಚಿಲ್ಲ. ಒಬ್ಬೊಬ್ಬರ ಪಾಲು 30 ಲಕ್ಷ, ಅಂದರೆ 50 ಲಕ್ಷಕ್ಕಿಂತ ಕಡಿಮೆ. ಹಾಗಾದರೆ ತೆರಿಗೆ ಬೇಡವೇ? ಬೇಕು. 2024ರ ಅಕ್ಟೋಬರ್ 1ರಿಂದ ಎಲ್ಲ ಖರೀದಿದಾರರ ಪಾಲನ್ನು ಕೂಡಿಸಿಯೇ ಲೆಕ್ಕ. ಹಾಗಾಗಿ ಇಬ್ಬರೂ ತಲಾ 30,000 ಹಿಡಿದರು. ಮಾರಿದವರಿಗೆ ಸಿಕ್ಕಿದ್ದು 59,40,000.

ಈ ಹಣ ಕಟ್ಟಲು ಖರೀದಿದಾರರಿಗೆ ಟ್ಯಾನ್ ಬೇಡ, ಎರಡೂ ಕಡೆಯವರ ಪ್ಯಾನ್ ಸಾಕು. ಫಾರ್ಮ್ 26ಕ್ಯೂಬಿ ಎಂಬುದು ಚಲನ್ ಕೂಡ ಹೌದು, ವಿವರಪಟ್ಟಿ ಕೂಡ ಹೌದು. ತೆರಿಗೆ ಮುರಿದ ತಿಂಗಳು ಮುಗಿದ 30 ದಿನದೊಳಗೆ, ಇಲ್ಲಿ ಸೆಪ್ಟೆಂಬರ್ 30ರೊಳಗೆ, ಗಂಡ ಒಂದು, ಹೆಂಡತಿ ಒಂದು ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಜೊತೆಗೆ ಬಡ್ಡಿ. ಆಮೇಲೆ ಟ್ರೇಸಸ್ ಜಾಲತಾಣದಿಂದ ಫಾರ್ಮ್ 16ಬಿ ಇಳಿಸಿಕೊಂಡು ಅಕ್ಟೋಬರ್ 15ರೊಳಗೆ ಮಾರಿದವರಿಗೆ ಕೊಡಬೇಕು. ಇದೇ ತೆರಿಗೆ ಕಡಿತದ ಪ್ರಮಾಣಪತ್ರ.

ಮಾರಿದವರಿಗೆ ಇವೆರಡೂ ಏಕೆ ಬೇಕು? ಆ 60,000 ಅವರದೇ ಹಣ. ಮಾರಾಟದ ಲಾಭಕ್ಕೆ ಬರುವ ತೆರಿಗೆಯಲ್ಲಿ ಅದನ್ನು ಕಳೆಯಬಹುದು, ತೆರಿಗೆ ಕಡಿಮೆ ಬಂದರೆ ವಾಪಸು ಕೇಳಬಹುದು. ಆದರೆ ಅದು ಅವರ ಪ್ಯಾನ್‌ಗೆ ಜಮೆಯಾಗಿರಬೇಕು. ಹೆಂಡತಿ ಸಲ್ಲಿಸಿದ ಫಾರ್ಮಿನಲ್ಲಿ ಮಾರಿದವರ ಪ್ಯಾನ್‌ನ ಒಂದು ಅಂಕೆ ತಪ್ಪಿದರೆ, ಬ್ಯಾಂಕಿನಿಂದ ಹಣ ಹೋಗಿರುತ್ತದೆ, ಮಾರಿದವರ ಲೆಕ್ಕಕ್ಕೆ ಬಂದಿರುವುದಿಲ್ಲ. ಅದನ್ನು ಪತ್ತೆ ಮಾಡುವುದು ಫಾರ್ಮ್ 26ಎಎಸ್‌ನಲ್ಲಿ: 60,000 ಇರಬೇಕಾದಲ್ಲಿ 30,000 ಮಾತ್ರ ಕಾಣುತ್ತದೆ. ಮಾರಿದವರು ತಾವೇ ಇದನ್ನು ತಿದ್ದಲಾಗದು. ಖರೀದಿದಾರರೇ ಟ್ರೇಸಸ್‌ನಲ್ಲಿ ತಿದ್ದುಪಡಿ ಕೋರಬೇಕು. ಆಗ ಚಲನ್‌ನ ಸ್ವೀಕೃತಿ ಸಂಖ್ಯೆ ಬೇಕೇ ಬೇಕು.

ಆದ್ದರಿಂದ ಮಾರುವವರು ನೋಂದಣಿಯ ದಿನವೇ ಪ್ಯಾನ್‌ನ ನಕಲು ಕೊಟ್ಟು, ಇಬ್ಬರಿಂದಲೂ ಚಲನ್ ಮತ್ತು 16ಬಿ ಕೊಡುವ ಮಾತು ಪಡೆಯಬೇಕು. ರಿಟರ್ನ್ ಸಲ್ಲಿಸುವ ಮುಂಚೆ ಎರಡು ಪ್ರಮಾಣಪತ್ರಗಳ ಮೊತ್ತ ಕೂಡಿಸಿ 26ಎಎಸ್‌ನೊಂದಿಗೆ ತಾಳೆ ನೋಡಬೇಕು.