ಗೆಳತಿಯ ಪ್ಯಾಕೇಜು, ನಮ್ಮ ಫೆಲೋಶಿಪ್ಪು

ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿದ್ದ ಇಬ್ಬರು ಗೆಳತಿಯರು ಎಂದುಕೊಳ್ಳಿ. ಒಬ್ಬಳು ಬಿಇ ಮುಗಿಸಿ 22ಕ್ಕೇ ಸಾಫ್ಟ್‌ವೇರ್ ಕಂಪನಿ ಸೇರಿದಳು. ಇನ್ನೊಬ್ಬಳು ಕೆಮಿಸ್ಟ್ರಿಯಲ್ಲಿ ಎಂಎಸ್‌ಸಿ ಮಾಡಿ, ನೆಟ್ ಪಾಸಾಗಿ, ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿದಳು. ಮದುವೆ ಮನೆಯಲ್ಲಿ ಸಿಕ್ಕ ಅತ್ತೆ, ಮಾವಂದಿರು ಕೇಳುವುದು ಒಂದೇ: 'ಅವಳಿಗೆ 12 ಲಕ್ಷವಂತೆ, ನಿನಗೆಷ್ಟಮ್ಮಾ?'

ಹೊಟ್ಟೆ ಉರಿಯುವ ಮೊದಲು ಲೆಕ್ಕ ಸರಿ ಮಾಡಿಕೊಳ್ಳಬೇಕು. 12 ಲಕ್ಷ ಎಂದರೆ ತಿಂಗಳಿಗೆ ಲಕ್ಷವಲ್ಲ. ವರ್ಷದ ಕೊನೆಗೆ ಸಿಕ್ಕರೆ ಸಿಕ್ಕೀತು ಎನ್ನುವ ವೇರಿಯಬಲ್ ಪೇ, ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲವೂ ಅದರೊಳಗೇ ಇವೆ. ವೇರಿಯಬಲ್ 10% ಇದ್ದು, ಬೇಸಿಕ್ 40% ಇದ್ದರೆ ಕೈಗೆ ಬರುವುದು ತಿಂಗಳಿಗೆ ಸುಮಾರು 78,000. ಇತ್ತ ಜೆಆರ್‌ಎಫ್ 2023ರಿಂದ 37,000. ಹಾಸ್ಟೆಲ್ ಸಿಗದೆ ಹೊರಗಿದ್ದರೆ ಬೆಂಗಳೂರಿನಲ್ಲಿ 30% ಮನೆ ಬಾಡಿಗೆ ಭತ್ಯೆ ಸೇರಿ 48,100. ಅಂದರೆ ವ್ಯತ್ಯಾಸ 63,000 ಅಲ್ಲ, 30,000.

ಆದರೆ ಇಷ್ಟಕ್ಕೇ ಸಮಾಧಾನಪಟ್ಟುಕೊಂಡರೆ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ. ಗೆಳತಿಯ ಪಿಎಫ್ ಖಾತೆಗೆ ಎರಡೂ ಕಡೆಯಿಂದ ತಿಂಗಳಿಗೆ 9,600 ಬೀಳುತ್ತಿರುತ್ತದೆ. ಫೆಲೋಗೆ ಪಿಎಫ್ ಇಲ್ಲ. ಅವಳ ಸಂಬಳ ವರ್ಷವರ್ಷವೂ ಏರಬಹುದು. ಇವಳದು ಎರಡು ವರ್ಷದ ನಂತರ, ಸಮಿತಿ ಒಪ್ಪಿದರೆ, 42,000. ಫೆಲೋಶಿಪ್ ಕೆಲವು ತಿಂಗಳು ತಡವಾಗಿ ಬರುವುದೂ ಉಂಟು. ಹಾಗಾಗಿ ಮೊದಲ ವರ್ಷದಲ್ಲೇ ಮೂರು ತಿಂಗಳ ಖರ್ಚಿನಷ್ಟು ಹಣ ಬೇರೆ ಇಡುವುದು ಒಳ್ಳೆಯದು. ಕೈ ಖಾಲಿ ಇರುವ ತಿಂಗಳಲ್ಲೇ ಗೆಳತಿಯ ಹೊಸ ಕಾರಿನ ಫೋಟೊ ಹೆಚ್ಚು ಚುಚ್ಚುತ್ತದೆ.

ಗೋವಾಕ್ಕೆ ಕರೆದರೆ? 'ನನ್ನ ಕೈಯಲ್ಲಿ ಐದು ಸಾವಿರವಿದೆ, ಅಷ್ಟರಲ್ಲಿ ಆಗುವುದಾದರೆ ಬರುತ್ತೇನೆ' ಎಂದು ಮೊದಲೇ ಹೇಳಿಬಿಡಿ. ನೆಪ ಹೇಳಿ ತಪ್ಪಿಸಿಕೊಳ್ಳುವವರು ಪ್ರವಾಸವನ್ನಷ್ಟೇ ಅಲ್ಲ, ನಿಧಾನವಾಗಿ ಗೆಳೆತನವನ್ನೂ ಕಳೆದುಕೊಳ್ಳುತ್ತಾರೆ.

ಹೋಲಿಕೆ ಬಿಡಿ ಎಂದರೆ ಬಿಡಲಾಗುವುದಿಲ್ಲ. ಯಾರ ಜೊತೆ ಎಂಬುದನ್ನು ಬದಲಿಸಬಹುದು. ನಿಮ್ಮ ಲ್ಯಾಬಿನ ಸೀನಿಯರ್‌ಗಳನ್ನು ಕೇಳಿ: ಎರಡನೇ ವರ್ಷದ ಕೊನೆಗೆ ಅವರ ಕೈಯಲ್ಲಿ ಏನಿತ್ತು? ಪೇಪರ್ ಇತ್ತೇ, ಅಥವಾ ಇನ್ನೊಬ್ಬರು ಮಾಡಿದರೂ ಅದೇ ಫಲಿತಾಂಶ ಬರುವಂಥ ಒಂದು ಪ್ರಯೋಗವಾದರೂ ಇತ್ತೇ? ಥೀಸಿಸ್ ಸಲ್ಲಿಸಲು ಎಷ್ಟು ವರ್ಷ ಹಿಡಿಯಿತು? ಆಮೇಲೆ ಎಲ್ಲಿ ಸೇರಿದರು? ಈ ಉತ್ತರಗಳೇ ನಿಮ್ಮ ಅಳತೆಗೋಲು.

ಬಿಡಬೇಕೇ, ಇರಬೇಕೇ ಎಂಬ ಪ್ರಶ್ನೆಯನ್ನು ಎರಡನೇ ವರ್ಷದ ಮೌಲ್ಯಮಾಪನದ ದಿನಕ್ಕೆ ಇಟ್ಟುಕೊಳ್ಳಿ. ಅಂದು ಕೆಲಸ ಮುಂದೆ ಸಾಗಿರದಿದ್ದರೆ, ಗೈಡ್ ಭೇಟಿಗೇ ಸಿಗದಿದ್ದರೆ, ಬಿಟ್ಟು ಬರುವುದರಲ್ಲಿ ಅವಮಾನವೇನಿಲ್ಲ. ಗೆಳತಿಯ ಸಂಬಳ ಮಾತ್ರ ಅದಕ್ಕೆ ಕಾರಣವಾಗಬಾರದು.